ಸ್ಕ್ರೀನ್‌ಶಾಟ್‌ನಲ್ಲಿರುವ ಕ್ಯೂಆರ್ ಕೋಡ್ ಓದುವುದು ಹೇಗೆ? ಆ್ಯಪ್ ಕ್ಯಾಮೆರಾ ಮಾತ್ರ ತೆರೆಯುತ್ತಿದ್ದರೆ ಹೀಗೆ ಮಾಡಿ

ಹೋದ ವಾರ ಹಾಸನದ ಹಾಸ್ಟೆಲ್‌ನಿಂದ ಅಕ್ಕನ ಮಗಳು ಫೋನ್ ಮಾಡಿದಳು. ಕಾಲೇಜಿನ ಪೋರ್ಟಲ್‌ಗೆ ಲಾಗಿನ್ ಆಗಲು ಇನ್ನು ಮುಂದೆ ಪಾಸ್‌ವರ್ಡ್ ಜೊತೆಗೆ ಆರು ಅಂಕಿಯ ಕೋಡ್ ಕೂಡ ಬೇಕಂತೆ. ಅದಕ್ಕೆ ಅಥೆಂಟಿಕೇಟರ್ ಆ್ಯಪ್ ಹಾಕಿ, ಪೋರ್ಟಲ್ ತೋರಿಸುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. ಅವಳ ಹತ್ತಿರ ಲ್ಯಾಪ್‌ಟಾಪ್ ಇಲ್ಲ, ಇರೋದು ಒಂದೇ ಫೋನ್. "ಮಾವ, ಕೋಡ್ ಇರೋದೂ ಇದೇ ಫೋನಲ್ಲಿ, ಸ್ಕ್ಯಾನ್ ಮಾಡ್ಬೇಕಾಗಿರೋದೂ ಇದೇ ಫೋನಲ್ಲಿ. ಸ್ಕ್ರೀನ್‌ಶಾಟ್ ತೆಗ್ದಿದೀನಿ, ಆದ್ರೆ ಆ್ಯಪ್ ಬರೀ ಕ್ಯಾಮೆರಾ ಓಪನ್ ಮಾಡುತ್ತೆ, ಗ್ಯಾಲರಿ ಕೇಳೋದೇ ಇಲ್ಲ. ಏನ್ಮಾಡ್ಲಿ?"

ಇದೇ ಪ್ರಶ್ನೆಯನ್ನು ಇಲ್ಲಿ ಚಿಕ್ಕಮಗಳೂರಿನಲ್ಲೂ ಸುಮಾರು ಜನ ನನ್ನ ಹತ್ತಿರ ಕೇಳಿದ್ದಾರೆ. ಎಲ್ಲರೂ ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಹಾಗಾಗಿ ಅವಳ ಕೆಲಸವನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಯಾವುದರ ನಂತರ ಯಾವುದು ಅಂತ ಕ್ರಮವಾಗಿ ಬರೆಯುತ್ತಿದ್ದೇನೆ. ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ, ಅದಕ್ಕೇ ಒಮ್ಮೆ ಪೂರ್ತಿ ಓದಿ ಆಮೇಲೆ ಶುರುಮಾಡಿ.

ಮೊದಲು ಒಂದು ವಿಷಯ. ಕ್ಯೂಆರ್ ಕೋಡ್ ಒಳಗೆ ಇರುವುದು ಬರೀ ಒಂದು ಸಾಲು ಅಕ್ಷರ. ಕ್ಯಾಮೆರಾ ಮಾಡುವ ಕೆಲಸ ಆ ಸಾಲನ್ನು ಓದಿ ಆ್ಯಪ್ ಕೈಗೆ ಕೊಡುವುದು, ಅಷ್ಟೇ. ಆ ಸಾಲನ್ನು ನೀವು ಬೇರೆ ದಾರಿಯಲ್ಲಿ ಓದಿ, ಬೇಕಾದ ಭಾಗವನ್ನು ಕೈಯಲ್ಲಿ ಟೈಪ್ ಮಾಡಿ ಕೊಟ್ಟರೂ ಆ್ಯಪ್‌ಗೆ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ.

## ಬೇಕಾಗುವ ಸಾಮಾನು

ಆ ಒಂದು ಫೋನ್, ಚಿತ್ರದಿಂದ ಕ್ಯೂಆರ್ ಓದಬಲ್ಲ ಒಂದು ಆ್ಯಪ್, ಮತ್ತು ಒಂದು ಹಾಳೆ, ಪೆನ್ನು. ಓದುವ ಆ್ಯಪ್ ಆಗಿ ಆಂಡ್ರಾಯ್ಡ್‌ನಲ್ಲಿ ನಾನು ಬಳಸುವುದು Binary Eye. ಸಣ್ಣ ಆ್ಯಪ್, ಓಪನ್ ಸೋರ್ಸ್, ಗ್ಯಾಲರಿಯಲ್ಲಿರುವ ಚಿತ್ರವನ್ನು ಫೋನಿನಲ್ಲೇ ಓದುತ್ತದೆ. ಕೆಲಸ ಶುರುಮಾಡುವ ಮೊದಲೇ ಇದನ್ನು ಹಾಕಿಟ್ಟುಕೊಳ್ಳಿ, ನಡುವೆ ಹುಡುಕಲು ಹೋಗಬೇಡಿ. ಕಾರಣ ಎರಡನೇ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 1: ಸ್ಕ್ಯಾನ್ ಮಾಡದೆ ಆಗುವ ದಾರಿ ಇದೆಯಾ ನೋಡಿ

ಎರಡು ಕಡೆ ನೋಡಬೇಕು. ಒಂದು, ಕೋಡ್ ತೋರಿಸುವ ಪುಟದಲ್ಲಿ. ಕ್ಯೂಆರ್ ಚೌಕದ ಕೆಳಗೆ ಸಣ್ಣ ಅಕ್ಷರದಲ್ಲಿ `Can't scan it?` ಅಂತಲೋ `Enter key manually` ಅಂತಲೋ ಒಂದು ಲಿಂಕ್ ಬಹಳ ಸಲ ಇರುತ್ತದೆ. ಅದನ್ನು ಒತ್ತಿದರೆ ಉದ್ದದ ಒಂದು ಕೀ ನೇರವಾಗಿ ಕಾಣುತ್ತದೆ. ಕಂಡರೆ ಅದನ್ನು ಕಾಪಿ ಮಾಡಿಕೊಂಡು ಸೀದಾ ಐದನೇ ಹಂತಕ್ಕೆ ಹೋಗಿ, ಚಿತ್ರ ಓದುವ ಕೆಲಸವೇ ಬೇಕಿಲ್ಲ.

ಇನ್ನೊಂದು, ಅಥೆಂಟಿಕೇಟರ್ ಆ್ಯಪ್‌ನಲ್ಲಿ. ಕ್ಯಾಮೆರಾ ತೆರೆದಾಗ ಮೂಲೆಯಲ್ಲಿ ಸಣ್ಣ ಚಿತ್ರದ ಗುರುತು ಇದೆಯಾ ಅಂತ ಸರಿಯಾಗಿ ನೋಡಿ. ಇದ್ದರೆ ಅದರಿಂದಲೇ ಸ್ಕ್ರೀನ್‌ಶಾಟ್ ಆರಿಸಬಹುದು. ಇಂಥದೇ ಆ್ಯಪ್ ಬಳಸಬೇಕು ಅಂತ ಕಾಲೇಜಿನವರು ಹೇಳಿಲ್ಲ ಅಂದರೆ ಇನ್ನೂ ಸುಲಭ. ಈ ಆರು ಅಂಕಿಯ ಕೋಡ್ ಹುಟ್ಟುವ ವಿಧಾನ ಎಲ್ಲರಿಗೂ ಒಂದೇ ಆಗಿರುವ ಮಾನದಂಡ, ಯಾವ ಆ್ಯಪ್ ಹಾಕಿದರೂ ಅದೇ ಕೋಡ್ ಬರುತ್ತದೆ. ಆಂಡ್ರಾಯ್ಡ್‌ನ Aegis ಆ್ಯಪ್‌ನಲ್ಲಿ ಪ್ಲಸ್ ಗುರುತು ಒತ್ತಿದರೆ `Scan image` ಅಂತ ಆಯ್ಕೆಯೇ ಇದೆ.

ನಮ್ಮ ಹುಡುಗಿಯ ಪುಟದಲ್ಲಿ ಲಿಂಕ್ ಇರಲಿಲ್ಲ, ಅವಳ ಆ್ಯಪ್‌ನಲ್ಲಿ ಗ್ಯಾಲರಿ ಗುರುತೂ ಇರಲಿಲ್ಲ. ಅಂಥವರು ಮುಂದೆ ಓದಿ.

## ಹಂತ 2: ಪುಟವನ್ನು ಹಾಗೇ ಬಿಡಿ, ರೀಲೋಡ್ ಮಾಡಬೇಡಿ

ಅತಿ ಜಾಸ್ತಿ ಜನ ಸೋಲುವುದು ಇಲ್ಲಿ. ಆದರೆ ತಪ್ಪು ಇಲ್ಲಿ ಆಯಿತು ಅಂತ ಅವರಿಗೆ ಗೊತ್ತಾಗುವುದೇ ಇಲ್ಲ.

ಬಹಳಷ್ಟು ಪೋರ್ಟಲ್‌ಗಳು ಆ ಪುಟ ತೆರೆದ ಪ್ರತಿ ಸಲವೂ ಹೊಸ ಗುಟ್ಟಿನ ಕೀ ಹುಟ್ಟಿಸಿ, ಅದನ್ನೇ ಕ್ಯೂಆರ್ ಚಿತ್ರವಾಗಿ ತೋರಿಸುತ್ತವೆ. ನೀವು ಆರು ಅಂಕಿಯ ಮೊದಲ ಕೋಡ್ ಹಾಕಿ ಖಾತ್ರಿ ಮಾಡುವ ತನಕ ಆ ಕೀ ನಿಮ್ಮ ಖಾತೆಗೆ ಅಂಟಿಕೊಂಡಿರುವುದಿಲ್ಲ. ನಡುವೆ ಪುಟ ರೀಲೋಡ್ ಆದರೆ, ಇಲ್ಲವೇ ಹಿಂದಕ್ಕೆ ಹೋಗಿ ಮತ್ತೆ ಬಂದರೆ, ಹೊಸ ಕೀ ಬರುತ್ತದೆ. ಹಳೇ ಸ್ಕ್ರೀನ್‌ಶಾಟ್ ಆಮೇಲೂ ಚೆನ್ನಾಗಿಯೇ ಓದಿಸಿಕೊಳ್ಳುತ್ತದೆ, ಆ್ಯಪ್ ಕೂಡ ಆರು ಅಂಕಿ ತೋರಿಸುತ್ತದೆ, ಆದರೆ ಪೋರ್ಟಲ್ ಮಾತ್ರ ಎಷ್ಟು ಸಲ ಹಾಕಿದರೂ ಕೋಡ್ ತಪ್ಪು ಅನ್ನುತ್ತದೆ.

ಅವಳಿಗೆ ಆಗಿದ್ದೂ ಇದೇ. ಬೆಳಗ್ಗೆ ತೆಗೆದ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸಂಜೆ ಪುಟವನ್ನು ಮತ್ತೆ ತೆರೆದಿದ್ದಳು. ಎರಡೂ ಕಡೆ ಕ್ಯೂಆರ್ ಇದೆ, ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಬಲಗಡೆ ಅಂಚಿನ ಚುಕ್ಕೆಗಳನ್ನು ಪಕ್ಕಪಕ್ಕ ಹಿಡಿದು ನೋಡಿದಾಗಲೇ ಬೇರೆ ಬೇರೆ ಅಂತ ಗೊತ್ತಾಗಿದ್ದು.

ಹಾಗಾಗಿ ಹಳೇ ಸ್ಕ್ರೀನ್‌ಶಾಟ್ ಬಿಡಿ. ಬ್ರೌಸರ್‌ನಲ್ಲಿ ಪುಟ ಹೊಸದಾಗಿ ತೆರೆಯಿರಿ, ಸ್ಕ್ರೀನ್‌ಶಾಟ್ ತೆಗೆಯಿರಿ, ಆಮೇಲೆ ಆ ಟ್ಯಾಬ್ ಮುಟ್ಟಬೇಡಿ. ಕಡಿಮೆ ರ‍್ಯಾಮ್ ಇರುವ ಫೋನಿನಲ್ಲಿ ನಾಲ್ಕೈದು ಆ್ಯಪ್ ತೆರೆದರೆ ಬ್ರೌಸರ್ ತಾನೇ ಪುಟವನ್ನು ರೀಲೋಡ್ ಮಾಡಿಬಿಡುತ್ತದೆ, ಅದಕ್ಕೇ ಬೇರೆ ಆ್ಯಪ್‌ಗಳನ್ನೆಲ್ಲ ಮುಂಚೆಯೇ ಮುಚ್ಚಿ.

## ಹಂತ 3: ಸ್ಕ್ರೀನ್‌ಶಾಟ್ ಓದುವ ಹಾಗಿದೆಯಾ ನೋಡಿ

ಚಿತ್ರವನ್ನು ಗ್ಯಾಲರಿಯಲ್ಲಿ ತೆರೆದು ಮೂರು ವಿಷಯ ನೋಡಿ.

ಮೂರು ಮೂಲೆಗಳಲ್ಲಿ ದೊಡ್ಡ ಚೌಕಗಳಿರುತ್ತವೆ ಅಲ್ವಾ? ಮೂರೂ ಪೂರ್ತಿ ಕಾಣಬೇಕು. ಕೋಡ್ ಎಲ್ಲಿದೆ, ಯಾವ ಕಡೆ ತಿರುಗಿದೆ ಅಂತ ಆ್ಯಪ್‌ಗೆ ತಿಳಿಯುವುದೇ ಅವುಗಳಿಂದ. ಮೇಲೆ ನೋಟಿಫಿಕೇಶನ್ ಬಂದು ಒಂದು ಮೂಲೆ ಮುಚ್ಚಿದ್ದರೂ ಸಾಕು, ಓದುವುದಿಲ್ಲ. ನಡುವಿನ ಚುಕ್ಕೆಗಳು ಸ್ವಲ್ಪ ಹಾಳಾಗಿದ್ದರೆ ಕೋಡ್ ತಾನೇ ಸರಿಮಾಡಿಕೊಳ್ಳುತ್ತದೆ. ಯಾವ ಮಟ್ಟದಲ್ಲಿ ಮಾಡಿದ್ದಾರೆ ಅನ್ನುವುದರ ಮೇಲೆ ಸುಮಾರು 7ರಿಂದ 30 ಶೇಕಡಾವರೆಗೆ ಹಾಳಾದರೂ ಓದಬಹುದು. ಆದರೆ ಮೂಲೆಯ ಚೌಕ ಹೋದರೆ ಆ ಅನುಕೂಲ ಸಿಗುವುದಿಲ್ಲ.

ಎರಡನೆಯದು ಸುತ್ತಲಿನ ಬಿಳಿ ಜಾಗ. ಕೋಡಿನ ಒಂದು ಸಣ್ಣ ಚುಕ್ಕೆ ಎಷ್ಟು ಅಗಲ ಇದೆಯೋ ಅದರ ನಾಲ್ಕರಷ್ಟು ಖಾಲಿ ಅಂಚು ನಾಲ್ಕೂ ಕಡೆ ಇರಬೇಕು ಅನ್ನುವುದು ನಿಯಮ. ಚಂದ ಕಾಣಲಿ ಅಂತ ಅಂಚಿಗೆ ಅಂಟಿಸಿ ಕ್ರಾಪ್ ಮಾಡಿದರೆ ಆ ಅಂಚು ಹೋಗುತ್ತದೆ, ಗ್ಯಾಲರಿಯ ಕಪ್ಪು ಹಿನ್ನೆಲೆಯಲ್ಲಿ ಮೂಲೆಯ ಚೌಕ ಕರಗಿಹೋಗುತ್ತದೆ. ಅಕ್ಕನ ಮಗಳು ಮೊದಲು ಮಾಡಿದ ತಪ್ಪೂ ಇದೇ. ಕ್ರಾಪ್ ಮಾಡದ ಪೂರ್ತಿ ಸ್ಕ್ರೀನ್‌ಶಾಟ್ ಕೊಟ್ಟ ಕೂಡಲೇ ಓದಿತು. ಪುಟದಲ್ಲಿ ಬೇರೇನೂ ಅಡ್ಡ ಇಲ್ಲದಿದ್ದರೆ ಕ್ರಾಪ್ ಮಾಡಲೇಬೇಡಿ.

ಮೂರನೆಯದು ಬಣ್ಣ. ಫೋನ್ ಡಾರ್ಕ್ ಮೋಡ್‌ನಲ್ಲಿದ್ದರೆ ಕೆಲವು ಬ್ರೌಸರ್‌ಗಳು ಚಿತ್ರದ ಬಣ್ಣವನ್ನೂ ಉಲ್ಟಾ ಮಾಡುತ್ತವೆ, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಚುಕ್ಕೆ ಬರುತ್ತದೆ. ಕೆಲವು ಆ್ಯಪ್ ಅದನ್ನೂ ಓದುತ್ತವೆ, ಕೆಲವು ಓದುವುದಿಲ್ಲ. ಅನುಮಾನ ಬಂದರೆ ಗ್ಯಾಲರಿಯ ಎಡಿಟ್‌ನಲ್ಲಿ ಬಣ್ಣ ಉಲ್ಟಾ ಮಾಡುವ ಆಯ್ಕೆ ಹುಡುಕಿ. ಡಾರ್ಕ್ ಮೋಡ್ ತೆಗೆದು ಪುಟ ಮತ್ತೆ ತೆರೆದರೂ ಸರಿ, ಆಗ ಹೊಸ ಸ್ಕ್ರೀನ್‌ಶಾಟ್ ತೆಗೆಯುವುದನ್ನು ಮರೆಯಬೇಡಿ.

ಸ್ಕ್ರೀನ್‌ಶಾಟ್ ನಿಮ್ಮದಲ್ಲ, ಬೇರೆಯವರು ವಾಟ್ಸಾಪ್‌ನಲ್ಲಿ ಕಳಿಸಿದ್ದು ಅಂದರೆ ಇನ್ನೊಂದು ತೊಂದರೆ. ಫೋಟೊ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಚುಕ್ಕೆಗಳ ಅಂಚು ಮಂಜಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ ಇದ್ದ ಹಾಗೇ ಬರುತ್ತದೆ.

## ಹಂತ 4: ಚಿತ್ರದಿಂದ ಸಾಲನ್ನು ಓದಿ

ಮೊದಲು ಮೊಬೈಲ್ ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ. Binary Eye ನಂಥ ಆ್ಯಪ್‌ಗೆ ಓದಲು ಇಂಟರ್‌ನೆಟ್ ಬೇಕಾಗಿಲ್ಲ, ಮತ್ತು ಈ ಕೋಡ್ ಒಳಗಿರುವುದು ನಿಮ್ಮ ಖಾತೆಯ ಬೀಗದ ಕೈ. ಗ್ಯಾಲರಿಯಲ್ಲಿ ಸ್ಕ್ರೀನ್‌ಶಾಟ್ ತೆರೆದು ಶೇರ್ ಒತ್ತಿ, ಪಟ್ಟಿಯಲ್ಲಿ Binary Eye ಆರಿಸಿ. ಹೀಗೊಂದು ಸಾಲು ಬರುತ್ತದೆ. ಕೆಳಗಿನದು ಉದಾಹರಣೆಗೆ ನಾನು ಬರೆದದ್ದು:

```
otpauth://totp/Portal:student21?secret=JBSWY3DPEHPK3PXP&issuer=Portal
```

ನೋಡಲು ಗೋಜಲು ಅನಿಸಿದರೂ ನಿಮಗೆ ಬೇಕಾಗಿರುವುದು ಎರಡೇ ಜಾಗ. ಶುರುವಿನಲ್ಲಿ `totp` ಇದ್ದರೆ ಸಮಯ ನೋಡಿಕೊಂಡು ಬದಲಾಗುವ ಕೋಡ್ ಅಂತ ಅರ್ಥ. ಆಮೇಲೆ `secret=` ಅನ್ನುವುದರ ನಂತರದಿಂದ ಮುಂದಿನ `&` ಗುರುತಿನ ಹಿಂದಿನ ತನಕ ಇರುವುದೇ ಕೀ. ಈ ಉದಾಹರಣೆಯಲ್ಲಿ `JBSWY3DPEHPK3PXP`, ಹದಿನಾರು ಅಕ್ಷರ. `&` ಗುರುತನ್ನೂ ಸೇರಿಸಿ ಕಾಪಿ ಮಾಡಿದವರನ್ನು ನೋಡಿದ್ದೇನೆ, ಅದು ಕೀಯ ಭಾಗವಲ್ಲ.

ಸಾಲಿನ ಕೊನೆಗೆ `digits=8`, `period=60` ಅಥವಾ `algorithm=SHA256` ಅಂತ ಇದ್ದರೆ ಸ್ವಲ್ಪ ನಿಲ್ಲಿ. ಸಾಮಾನ್ಯವಾಗಿ ಕೋಡ್ ಆರು ಅಂಕಿ, ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಕೈಯಲ್ಲಿ ಟೈಪ್ ಮಾಡುವಾಗ ಬೇರೆ ಲೆಕ್ಕ ಹಾಕಲು ಕೆಲವು ಆ್ಯಪ್‌ಗಳಲ್ಲಿ ಜಾಗವೇ ಇಲ್ಲ. Aegis ನಲ್ಲಿ ಇದೆ.

ಸಾಲು `otpauth-migration://` ಅಂತ ಶುರುವಾದರೆ ಅದು ಬೇರೆ ವಸ್ತು. ಗೂಗಲ್ ಅಥೆಂಟಿಕೇಟರ್‌ನಿಂದ ಹೊಸ ಫೋನಿಗೆ ಖಾತೆಗಳನ್ನು ಸಾಗಿಸುವ ಕೋಡ್ ಅದು. ಅದರಲ್ಲಿ ಕೀ ನೇರವಾಗಿ ಕಾಣುವುದಿಲ್ಲ, ಟೈಪ್ ಮಾಡಲು ಆಗುವುದಿಲ್ಲ. ಅದಕ್ಕೆ ಆರನೇ ಹಂತ ನೋಡಿ.

ಐಫೋನ್ ಇರುವವರು ಫೋಟೋಸ್‌ನಲ್ಲಿ ಚಿತ್ರ ತೆರೆದು ಕೋಡ್ ಮೇಲೆ ಬೆರಳು ಒತ್ತಿ ಹಿಡಿಯಿರಿ, ಹೊಸ ಐಒಎಸ್ ಅದನ್ನು ಗುರುತಿಸುತ್ತದೆ. ಒಂದು ಎಚ್ಚರಿಕೆ: ಇಂಥ ಕೋಡ್ ಆದರೆ ಅದನ್ನು ಐಫೋನಿನದೇ ಪಾಸ್‌ವರ್ಡ್ ಜಾಗಕ್ಕೆ ಸೇರಿಸಲು ಕೇಳಬಹುದು. ಅಲ್ಲಿ ಸೇರಿಸಿದರೂ ಕೋಡ್ ಸರಿಯಾಗಿಯೇ ಬರುತ್ತದೆ, ಆದರೆ ನೀವು ಅಂದುಕೊಂಡ ಆ್ಯಪ್‌ನಲ್ಲಿ ಇರುವುದಿಲ್ಲ, ಆಮೇಲೆ ಹುಡುಕಾಡಬೇಕಾಗುತ್ತದೆ.

ಲಿನಕ್ಸ್ ಕಂಪ್ಯೂಟರ್ ಕೈಗೆ ಸಿಗುವವರಿಗೆ ಎರಡು ಸಾಲು ಸಾಕು:

```
sudo apt install zbar-tools
zbarimg --raw --quiet qr.png
```

ಏನೇ ಆಗಲಿ, ಚಿತ್ರ ಅಪ್‌ಲೋಡ್ ಮಾಡಿ ಓದಿಸುವ ವೆಬ್‌ಸೈಟ್‌ಗಳಿಗೆ ಈ ಕೋಡ್ ಹಾಕಬೇಡಿ. ಮೆನು ಕಾರ್ಡಿನ ಕ್ಯೂಆರ್ ಆದರೆ ಪರವಾಗಿಲ್ಲ. ಲಾಗಿನ್ನಿನ ಗುಟ್ಟು ಇರುವ ಚಿತ್ರ ಬೇರೆಯವರ ಸರ್ವರ್‌ಗೆ ಹೋದ ಮೇಲೆ ಅದರ ಕಾಪಿ ಎಲ್ಲೆಲ್ಲಿ ಉಳಿಯುತ್ತದೋ ನಿಮ್ಮ ಕೈಯಲ್ಲಿಲ್ಲ.

## ಹಂತ 5: ಕೀ ಟೈಪ್ ಮಾಡಿ, ಅದೇ ಪುಟದಲ್ಲಿ ಖಾತ್ರಿ ಮಾಡಿ

ಗೂಗಲ್ ಅಥೆಂಟಿಕೇಟರ್ ಆದರೆ ಪ್ಲಸ್ ಒತ್ತಿ `Enter a setup key` ಆರಿಸಿ. ಹೆಸರಿನ ಜಾಗದಲ್ಲಿ ನಿಮಗೆ ನೆನಪಿರುವ ಹೆಸರು ಹಾಕಿ. ಅದು ಏನಿದ್ದರೂ ಕೋಡ್ ಬದಲಾಗುವುದಿಲ್ಲ. ಕೆಳಗೆ ಕೀ ಪೇಸ್ಟ್ ಮಾಡಿ. ವಿಧ `Time based` ಇರಲಿ. ಬೇರೆ ಆ್ಯಪ್‌ಗಳಲ್ಲೂ ಇದೇ ಮೂರು ಜಾಗ, ಹೆಸರು ಸ್ವಲ್ಪ ಬೇರೆ ಇರಬಹುದು.

ಸಾಧ್ಯವಾದರೆ ಪೇಸ್ಟ್ ಮಾಡಿ, ಕೈಯಲ್ಲಿ ಹೊಡೆಯಬೇಡಿ. ಹೊಡೆಯಲೇಬೇಕು ಅಂದರೆ ಇದು ಗೊತ್ತಿರಲಿ: ಈ ಕೀಯಲ್ಲಿ A ಇಂದ Z ತನಕದ ಅಕ್ಷರಗಳು ಮತ್ತು 2ರಿಂದ 7ರವರೆಗಿನ ಅಂಕಿಗಳು ಮಾತ್ರ ಇರುತ್ತವೆ. 0, 1, 8, 9 ಬರುವುದೇ ಇಲ್ಲ. ಸೊನ್ನೆ ಥರ ಕಂಡದ್ದು O ಅಕ್ಷರ, ಎಂಟು ಥರ ಕಂಡದ್ದು B. ಸೊನ್ನೆ ಹೊಡೆದರೆ ಆ್ಯಪ್ ಅಲ್ಲೇ ತಕರಾರು ತೆಗೆಯಬಹುದು, ಅದು ಒಳ್ಳೆಯದೇ. ಕಷ್ಟ ಇರುವುದು I ಮತ್ತು L ನಡುವೆ. ಎರಡೂ ಕೀಯಲ್ಲಿ ಬರಬಹುದಾದ ಅಕ್ಷರಗಳು, ಅದಕ್ಕೇ ಅದಲುಬದಲಾದರೆ ಆ್ಯಪ್ ಸುಮ್ನೆ ಒಪ್ಪಿಕೊಂಡು ತಪ್ಪು ಕೋಡ್ ತೋರಿಸುತ್ತಾ ಕೂರುತ್ತದೆ. ಹಾಳೆಯ ಮೇಲೆ ನಾಲ್ಕು ನಾಲ್ಕು ಅಕ್ಷರ ಬಿಡಿಸಿ ಬರೆದುಕೊಂಡು ಹೋಲಿಸಿ.

ಈಗ ಡೇಟಾ ಆನ್ ಮಾಡಿ, ಮುಟ್ಟದೆ ಬಿಟ್ಟಿದ್ದ ಬ್ರೌಸರ್ ಟ್ಯಾಬ್‌ಗೆ ಹೋಗಿ, ಆ್ಯಪ್ ತೋರಿಸುವ ಆರು ಅಂಕಿ ಹಾಕಿ. ಕೋಡ್ ಬದಲಾಗಲು ನಾಲ್ಕೈದು ಸೆಕೆಂಡು ಮಾತ್ರ ಉಳಿದಿದ್ದರೆ ಹೊಸದು ಬರುವ ತನಕ ಕಾಯಿರಿ.

ಪೋರ್ಟಲ್ ಒಪ್ಪದಿದ್ದರೆ ಮೊದಲು ಫೋನಿನ ಗಡಿಯಾರ ನೋಡಿ. ಕೋಡ್ ಹುಟ್ಟುವುದು ಕೀ ಮತ್ತು ಸಮಯ ಎರಡರಿಂದ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ, ಸಮಯ ತಾನಾಗಿ ಹೊಂದುವ ಆಯ್ಕೆ ಆಫ್ ಆಗಿ ಗಡಿಯಾರ ಎರಡು ನಿಮಿಷ ಹಿಂದೆ ಬಿದ್ದಿದ್ದರೂ ಕೋಡ್ ತಪ್ಪುತ್ತದೆ. ಗಡಿಯಾರ ಸರಿ ಇದೆ, ಆದರೂ ಆಗುತ್ತಿಲ್ಲ ಅಂದರೆ ಕೀಯ ಉದ್ದ ಎಣಿಸಿ, ಕಾಪಿ ಮಾಡುವಾಗ ಕೊನೆಯ ಅಕ್ಷರ ಬಿಟ್ಟಿರಬಹುದು. ಅದೂ ಸರಿ ಇದ್ದರೆ ಪುಟ ಎಲ್ಲೋ ರೀಲೋಡ್ ಆಗಿದೆ. ಆ್ಯಪ್‌ನಲ್ಲಿ ಸೇರಿಸಿದ್ದನ್ನು ಅಳಿಸಿ ಎರಡನೇ ಹಂತದಿಂದ ಮತ್ತೆ ಮಾಡಿ.

ನಮ್ಮ ಹುಡುಗಿಗೆ ಈ ಸಲ ಮೊದಲ ಕೋಡ್‌ಗೇ ಆಯಿತು. ಫೋನಿನಲ್ಲಿ ನಾನು ಹೇಳುತ್ತಾ, ಅವಳು ಮಾಡುತ್ತಾ ಹತ್ತು ನಿಮಿಷ ಹಿಡಿಯಿತು.

## ಹಂತ 6: ಟೈಪ್ ಮಾಡಲು ಆಗದ ಕೋಡ್ ಆದರೆ ಇನ್ನೊಂದು ಪರದೆ

ಕೀ ಹಾಕುವ ಜಾಗವೇ ಇಲ್ಲದ ಆ್ಯಪ್‌ಗೆ, ಅಥವಾ ಮೇಲೆ ಹೇಳಿದ ಮೈಗ್ರೇಶನ್ ಕೋಡ್‌ಗೆ, ಸ್ಕ್ರೀನ್‌ಶಾಟನ್ನು ಬೇರೆ ಪರದೆಯಲ್ಲಿ ತೋರಿಸಿ ಕ್ಯಾಮೆರಾ ಹಿಡಿಯಲೇಬೇಕು. ಮನೆಯ ಹಳೇ ಫೋನ್, ಟಿವಿ, ಯಾವುದಾದರೂ ಆಗುತ್ತದೆ. ಕೇಬಲ್‌ನಲ್ಲೋ ಬ್ಲೂಟೂತ್‌ನಲ್ಲೋ ಚಿತ್ರ ಸಾಗಿಸಿ.

ಹಾಸ್ಟೆಲ್ ಮಕ್ಕಳು ಮಾಡುವುದು ಬೇರೆ. ಜೆರಾಕ್ಸ್ ಅಂಗಡಿಯ ಮೇಲ್ ಐಡಿಗೆ ಸ್ಕ್ರೀನ್‌ಶಾಟ್ ಕಳಿಸಿ ಪ್ರಿಂಟ್ ತೆಗೆಸುತ್ತಾರೆ. ಅಂಥ ಒಂದು ಅಂಗಡಿಯ ಕಂಪ್ಯೂಟರ್‌ನಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ತೆರೆದಿದ್ದಾಗ ನಾನು ಕಣ್ಣಾರೆ ನೋಡಿದ್ದೇನೆ: ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಎಲ್ಲ ತಿಂಗಳುಗಟ್ಟಲೆಯಿಂದ ಹಾಗೇ ಬಿದ್ದಿದ್ದವು. ಲಾಗಿನ್ ಕ್ಯೂಆರ್ ಅಲ್ಲಿಗೆ ಕಳಿಸಬೇಡಿ, ಗೆಳತಿಯ ವಾಟ್ಸಾಪ್‌ಗೂ ಬೇಡ.

ಪರದೆಯಿಂದ ಸ್ಕ್ಯಾನ್ ಮಾಡುವಾಗ ಕೋಡ್ ನಾಲ್ಕೈದು ಸೆಂಟಿಮೀಟರ್ ಅಗಲ ಇರಲಿ, ಫೋನ್ ಅದರಿಂದ ಒಂದು ಗೇಣು ದೂರ ಇರಲಿ. ತೀರ ಹತ್ತಿರ ಹಿಡಿದರೆ ಫೋಕಸ್ ಕೂರುವುದಿಲ್ಲ. ಪರದೆಯ ಬೆಳಕನ್ನು ಪೂರ್ತಿ ಏರಿಸಬೇಡಿ. ಬಿಳಿ ಭಾಗ ಉಕ್ಕಿ ಸಣ್ಣ ಚುಕ್ಕೆಗಳನ್ನು ನುಂಗಿಬಿಡುತ್ತದೆ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಾಕು. ಅಲೆ ಅಲೆಯಾಗಿ ಗೆರೆ ಕಂಡರೆ ಫೋನನ್ನು ಸ್ವಲ್ಪ ಓರೆ ಮಾಡಿ ಇಲ್ಲವೇ ಹಿಂದಕ್ಕೆ ಸರಿಸಿ, ಗೆರೆ ಮಾಯವಾಗುತ್ತದೆ.

ಇನ್ನು ಕೆಲವು ಕೋಡ್‌ಗಳಿಗೆ ಸ್ಕ್ರೀನ್‌ಶಾಟ್ ಕೆಲಸಕ್ಕೇ ಬರುವುದಿಲ್ಲ. ವಾಟ್ಸಾಪ್ ವೆಬ್‌ನ ಕ್ಯೂಆರ್ ಸ್ವಲ್ಪ ಹೊತ್ತಿಗೇ ಬದಲಾಗುತ್ತಿರುತ್ತದೆ, ಸ್ಕ್ರೀನ್‌ಶಾಟ್ ಕಳಿಸುವಷ್ಟರಲ್ಲಿ ಹಳತಾಗಿರುತ್ತದೆ. ಅಲ್ಲಿ ಫೋನ್ ನಂಬರ್ ಹಾಕಿ ಲಿಂಕ್ ಮಾಡುವ ಆಯ್ಕೆ ಬಳಸಿ.

## ಹಂತ 7: ಓದಿದ ಸಾಲು ಹೀಗಿದ್ದರೆ ಅಲ್ಲೇ ನಿಲ್ಲಿಸಿ

ಸಾಲನ್ನು ಮೊದಲು ಓದುವುದರಿಂದ ಇನ್ನೊಂದು ಉಪಯೋಗ ಇದೆ. ಕೋಡ್ ನಿಜಕ್ಕೂ ಏನು ಮಾಡಲು ಹೊರಟಿದೆ ಅಂತ ಮುಟ್ಟುವ ಮುಂಚೆಯೇ ಗೊತ್ತಾಗುತ್ತದೆ. ಮೆಣಸು ಕೊಳ್ಳುತ್ತೇವೆ, ಹಳೇ ಬೈಕ್ ಕೊಳ್ಳುತ್ತೇವೆ, ಅಡ್ವಾನ್ಸ್ ಕಳಿಸುತ್ತೇವೆ ಅಂತ ಗುರುತಿಲ್ಲದವರು ಕ್ಯೂಆರ್ ಸ್ಕ್ರೀನ್‌ಶಾಟ್ ಕಳಿಸಿದಾಗ ಓದಿ ನೋಡಿ:

```
upi://pay?pa=...&am=5000&cu=INR
```

`pay` ಅಂದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. `pa=` ನಂತರ ಇರುವುದು ಹಣ ಸೇರುವವರ ಐಡಿ, `am=` ಮೊತ್ತ. ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಹಾಕಬೇಕಾಗಿಲ್ಲ. ಈ ಸಾಲು ಕಂಡರೆ ಮುಂದುವರಿಯಬೇಡಿ, ಆ ನಂಬರ್ ಬ್ಲಾಕ್ ಮಾಡಿ.

## ಹಂತ 8: ಸ್ಕ್ರೀನ್‌ಶಾಟ್ ಅಳಿಸಿ

ಲಾಗಿನ್ ಆಯಿತು ಅಂತ ಫೋನ್ ಪಕ್ಕಕ್ಕಿಡಬೇಡಿ. ಆ ಚಿತ್ರ ಸಿಕ್ಕಿದ ಯಾರು ಬೇಕಾದರೂ ನಿಮ್ಮದೇ ಆರು ಅಂಕಿಯನ್ನು ತಮ್ಮ ಫೋನಿನಲ್ಲಿ ಹುಟ್ಟಿಸಬಹುದು, ಅದು ಮೂವತ್ತು ಸೆಕೆಂಡಿಗೆ ಹಾಳಾಗುವುದಿಲ್ಲ, ನೀವು ಕೀ ಬದಲಿಸುವ ತನಕ ನಡೆಯುತ್ತದೆ.

ಗ್ಯಾಲರಿಯಿಂದ ಅಳಿಸಿ, ಆಮೇಲೆ ಟ್ರ್ಯಾಶ್‌ಗೆ ಹೋಗಿ ಅಲ್ಲಿಂದಲೂ ಅಳಿಸಿ. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದ ಚಿತ್ರ ಟ್ರ್ಯಾಶ್‌ನಲ್ಲಿ 60 ದಿನ ಉಳಿಯುತ್ತದೆ. Binary Eye ಯಲ್ಲಿ ಹಿಸ್ಟರಿ ಆನ್ ಇದ್ದರೆ ಆ ಸಾಲನ್ನು ತೆಗೆಯಿರಿ. ಕೀಬೋರ್ಡಿನ ಕ್ಲಿಪ್‌ಬೋರ್ಡಿನಲ್ಲಿ ಕೀ ಕುಳಿತಿದ್ದರೆ ಅದನ್ನೂ ಅಳಿಸಿ. ಹಾಳೆಯ ಮೇಲೆ ಬರೆದದ್ದನ್ನು ಮಾತ್ರ ಎಸೆಯಬೇಡಿ. ಫೋನ್ ಕಳೆದುಹೋದರೆ ಅದೇ ಕೀ ಹೊಸ ಫೋನಿನಲ್ಲಿ ಹಾಕಿದರೆ ಸಾಕು, ಅದೇ ಕೋಡ್ ಮತ್ತೆ ಬರುತ್ತದೆ. ಅಕ್ಕನ ಮಗಳು ಅದನ್ನು ಮಡಚಿ ಟ್ರಂಕಿನಲ್ಲಿ, ಅಂಕಪಟ್ಟಿಯ ಕವರ್ ಒಳಗೆ ಇಟ್ಟು ಬೀಗ ಹಾಕಿದ್ದಾಳೆ.